ನೈಟ್ ಡ್ಯೂಟಿ ವಾರದ ಓದು

ಕೆಲಸದ ಜೊತೆ ಪೋಸ್ಟ್ ಬೇಸಿಕ್ ಬಿಎಸ್ಸಿ ಓದುವ ನರ್ಸ್‌ಗಳಿಗೆ ‘ದಿನಾ ಎರಡು ಗಂಟೆ’ ಟೈಮ್‌ಟೇಬಲ್ ಒಗ್ಗುವುದಿಲ್ಲ. ರೋಸ್ಟರ್ ನೋಡಿಯೇ ಹಾಕಬೇಕು. ಹೊಸ ಪಾಠ ಮಾರ್ನಿಂಗ್ ಶಿಫ್ಟಿನ ವಾರಕ್ಕೆ, ನೈಟ್ ವಾರಕ್ಕೆ ಹಳೆಯದರ ಮನನ ಮಾತ್ರ. ನೈಟ್ ಮುಗಿಸಿ ಬಂದವರು ಮೊದಲು ಮಲಗಿ. ನಿದ್ದೆಗೆಟ್ಟು ಓದಿದ್ದು ನೆನಪಲ್ಲಿ ನಿಲ್ಲುವುದು ಕಷ್ಟ.

ಮನನಕ್ಕೆ ವಾರ್ಡೇ ಇದೆಯಲ್ಲ! ಕೀಟೋಅಸಿಡೋಸಿಸ್ ರೋಗಿಗೆ ಇನ್ಸುಲಿನ್ ಡ್ರಿಪ್ ಹೋಗುತ್ತಿದೆ ಎನ್ನಿ. ಪೊಟ್ಯಾಸಿಯಂ ಮತ್ತೆ ಮತ್ತೆ ಏಕೆ ನೋಡುತ್ತೇವೆ? ಇನ್ಸುಲಿನ್ ಅದನ್ನು ಜೀವಕೋಶದೊಳಗೆ ತಳ್ಳುತ್ತದೆ, ರಕ್ತದಲ್ಲಿ ಅದು ಇಳಿಯುತ್ತದೆ, ಹೃದಯದ ಬಡಿತ ಲಯ ತಪ್ಪಬಹುದು. ಮನೆಗೆ ಬರುವ ಬಸ್ಸಿನಲ್ಲಿ, ಪುಸ್ತಕ ನೋಡದೆ, ಇದನ್ನೇ ಕೇರ್ ಪ್ಲಾನ್ ಆಗಿ ಬರೆಯಿರಿ (ರೋಗಿಯ ಹೆಸರು ಬೇಡ). ಬಿಟ್ಟುಹೋದದ್ದನ್ನಷ್ಟೇ ಆಮೇಲೆ ಓದಿ. ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು, ನೋಡದೇ ಇನ್ನೊಮ್ಮೆ ಬರೆಯಿರಿ.