ಒಂದು ಪುಟದ ಅರ್ಜಿ

ಜುಲೈ 6, 2024, ಶನಿವಾರ

ಟ್ರಸ್ಟಿನವರು ಕೇಳಿರುವುದು ಒಂದೇ ಪುಟ: ವಿದ್ಯಾರ್ಥಿವೇತನ ಏಕೆ ಬೇಕು, ಓದಿ ಏನು ಮಾಡುತ್ತೀರಿ. ಹೋದ ವರ್ಷ ಅರ್ಜಿ ಹಾಕಿದ್ದ ಸೀನಿಯರ್ ಅಕ್ಕ ತನ್ನ ಪತ್ರದ ನಕಲು ಕೊಟ್ಟಿದ್ದಾಳೆ. 'ಕಡುಬಡತನದ ಕುಟುಂಬದಲ್ಲಿ ಹುಟ್ಟಿದ ನತದೃಷ್ಟೆ' ಎಂದು ಶುರುವಾಗುತ್ತದೆ. ನನಗೆ ಹಾಗೆ ಬರೆಯಲು ಮನಸ್ಸಿಲ್ಲ. ಎರಡು ಎಕರೆ ಹಿಪ್ಪುನೇರಳೆ ಬೆಳೆದು, ವರ್ಷಕ್ಕೆ ಐದು ಬೆಳೆ ಹುಳು ಸಾಕಿ ನನ್ನನ್ನು ಬಿ.ಎಸ್ಸಿ. ಮೂರನೇ ವರ್ಷಕ್ಕೆ ತಂದ ಮನೆ ನಮ್ಮದು. ಅಪ್ಪ ಅಮ್ಮ ಇಬ್ಬರೂ ಹೈಸ್ಕೂಲು ಕಂಡವರಲ್ಲ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ರಾತ್ರಿ ಅಪ್ಪನನ್ನೇ ಕೇಳಿದೆ. ಸೊಪ್ಪು ಹಾಕುತ್ತಲೇ ಹೇಳಿದರು: "ಕಷ್ಟ ಎಲ್ರಿಗೂ ಇರ್ತದಮ್ಮ. ಎಷ್ಟು ಬೇಕು, ಯಾತಕ್ಕೆ ಬೇಕು, ಯಾವಾಗ ಬೇಕು, ಅಷ್ಟು ಬರಿ."

ಜುಲೈ 9, ಮಂಗಳವಾರ

ಲೆಕ್ಕ ಹಾಕಿದೆ. ಕಾಲೇಜು ಶುಲ್ಕ 9,000 ರೂಪಾಯಿ. ರೂಮು, ಊಟ ತಿಂಗಳಿಗೆ 2,600ರಂತೆ ಹತ್ತು ತಿಂಗಳಿಗೆ 26,000. ಪುಸ್ತಕ, ಪ್ರಾಜೆಕ್ಟು, ಬಸ್ಸು ಸೇರಿ 5,000. ಒಟ್ಟು 40,000. ಮನೆಯಿಂದ 16,000 ಬರುತ್ತದೆ. ಶನಿವಾರ, ಭಾನುವಾರ ಮಕ್ಕಳಿಗೆ ಪಾಠ ಹೇಳುವುದರಿಂದ ನನ್ನದು 8,000. ಕೊರತೆ 16,000.

ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ವರ್ಷದ ಮೊತ್ತವಷ್ಟೇ ಇರುತ್ತದೆ. ಆ ಹಣ ಯಾವ ತಿಂಗಳಲ್ಲಿ ಕೈಗೆ ಬಂತು ಎಂಬುದು ಅದರಲ್ಲಿಲ್ಲ. ನಮ್ಮ ನಿಜವಾದ ತಾಪತ್ರಯ ಇರುವುದೇ ಅಲ್ಲಿ. ಶುಲ್ಕ ಒಂದೇ ಕಂತಿನಲ್ಲಿ ಆಗಸ್ಟಿಗೆ ಕಟ್ಟಬೇಕು. ಈಗ ಮನೆಯಲ್ಲಿರುವ ಹುಳು ಎರಡನೇ ಜ್ವರ ಬಿಟ್ಟು ಎದ್ದಿವೆ. ಅವು ಹಣ್ಣಾಗಿ, ಚಂದ್ರಿಕೆಗೆ ಹತ್ತಿ, ಗೂಡು ಶಿಡ್ಲಘಟ್ಟ ಮಾರುಕಟ್ಟೆಯ ಹರಾಜಿಗೆ ಹೋಗುವ ಹೊತ್ತಿಗೆ ತಿಂಗಳ ಕೊನೆ. ಆ ದುಡ್ಡಿನಲ್ಲಿ ಚಾಕಿ ಹುಳುವಿನ ಬಾಕಿ, ಗೊಬ್ಬರ, ಕೂಲಿ ಕಳೆಯಬೇಕು. ಅದಕ್ಕೇ ಪತ್ರದಲ್ಲಿ ತಿಂಗಳುಗಳನ್ನೂ ಬರೆದೆ. ಓದುವವರಿಗೆ ನಮ್ಮ ಮನೆಯ ಸ್ಥಿತಿ ಅರ್ಥವಾಗಲು ಅಷ್ಟು ಸಾಕು, ಕಣ್ಣೀರಿನ ಮಾತು ಬೇಕಿಲ್ಲ.

ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುತ್ತಿರುವುದನ್ನು ಮುಚ್ಚಿಡಲಿಲ್ಲ. ಅದು ಬಂದರೆ ತಿಳಿಸುತ್ತೇನೆ, ಅಷ್ಟನ್ನು ಕಡಿತ ಮಾಡಿ ಎಂದು ಬರೆದಿದ್ದೇನೆ. ಗೆಳತಿ ಬೇಡವೆಂದಳು. ಆದರೆ ಉಳಿದ ಲೆಕ್ಕವನ್ನು ಅವರು ನಂಬಬೇಕಾದರೆ ಈ ಸಾಲು ಇರಲೇಬೇಕು.

ಜುಲೈ 13, ಶನಿವಾರ

ಎರಡನೇ ಪ್ರಶ್ನೆಗೆ ಕುಳಿತೆ. 'ಸಮಾಜಸೇವೆ ಮಾಡುತ್ತೇನೆ' ಎಂದರೆ ಯಾರೂ ಏನನ್ನೂ ಕಾಣಲಾರರು. ನನ್ನನ್ನು ರೇಷ್ಮೆ ಕೃಷಿ ವಿಷಯಕ್ಕೆ ಎಳೆದದ್ದು ನಾನು ಪಿಯುಸಿಯಲ್ಲಿದ್ದಾಗ ಮನೆಗೆ ಬಂದ ಹಾಲುತೊಂಡೆ ರೋಗ. ಜೊತೆಯ ಹುಳುವೆಲ್ಲ ಜ್ವರಕ್ಕೆ ಕೂತರೂ ಕೆಲವು ಕೂರಲಿಲ್ಲ; ತಟ್ಟೆಯ ಅಂಚಿನಲ್ಲೇ ಸುತ್ತುತ್ತಿದ್ದವು. ಮೈಗಂಟುಗಳು ಉಬ್ಬಿ ಚರ್ಮ ಹೊಳೆಯುತ್ತಿತ್ತು. ಮುಟ್ಟಿದರೆ ಒಡೆದು ಹಾಲಿನಂಥ ರಸ ಸೊಪ್ಪಿನ ಮೇಲೆ ಸುರಿಯುತ್ತಿತ್ತು. ಆ ರಸದಲ್ಲೇ ವೈರಸ್ ಇರುತ್ತದೆ, ಅದು ತಾಗಿದ ಸೊಪ್ಪು ತಿಂದ ಹುಳುವೂ ಉಳಿಯದು ಎಂದು ಮೊದಲ ವರ್ಷದ ತರಗತಿಯಲ್ಲಿ ತಿಳಿಯಿತು. ರೋಗ ಬಂದ ಹುಳುವಿಗೆ ಔಷಧಿಯಿಲ್ಲ. ಅಂಥದ್ದನ್ನು ಮೊದಲೇ ಹೆಕ್ಕಿ ತೆಗೆಯಬೇಕು, ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಮನೆ, ತಟ್ಟೆ, ಚಂದ್ರಿಕೆ ಎಲ್ಲ ಶುಚಿ ಮಾಡಬೇಕು.

ಈ ಪ್ರಸಂಗವನ್ನು ನಷ್ಟದ ಕಥೆಯಾಗಿ ಬರೆಯಲಿಲ್ಲ. ಅದರಿಂದ ಹುಟ್ಟಿದ ಪ್ರಶ್ನೆಯನ್ನೂ ಅದರ ಹಿಂದೆ ನಾನು ಎಲ್ಲಿಯವರೆಗೆ ಬಂದಿದ್ದೇನೆ ಎಂಬುದನ್ನೂ ಬರೆದೆ. ಈ ವರ್ಷದ ಪ್ರಾಜೆಕ್ಟು ನಮ್ಮೂರ ಹುಳುಮನೆಗಳ ಸೋಂಕು ನಿವಾರಣೆಯ ಮೇಲೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರೇಷ್ಮೆ ವಿಜ್ಞಾನದ ಎಂ.ಎಸ್ಸಿ. ಆಮೇಲೆ ಊರಿನಲ್ಲೇ ಒಂದು ಚಾಕಿ ಸಾಕಾಣಿಕೆ ಕೇಂದ್ರ. ಎಳೆಯ ಹುಳುವನ್ನು ಎರಡನೇ ಜ್ವರದವರೆಗೆ ಶುಚಿಯಾಗಿ ಸಾಕಿ ಕೊಟ್ಟರೆ ರೈತನ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆಂದು ನನ್ನ ನಂಬಿಕೆ.

ಜುಲೈ 16, ಮಂಗಳವಾರ

ಪತ್ರ ಹೋಯಿತು. ಜೊತೆಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ವಿವರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ಪಾಸ್‌ಬುಕ್ ಪ್ರತಿ. ಕೊನೆಯ ಪ್ಯಾರಾವನ್ನು ಇಲ್ಲಿಯೂ ಇಳಿಸಿಕೊಂಡಿದ್ದೇನೆ:

"ನನಗೆ ಬೇಕಿರುವುದು 16,000 ರೂಪಾಯಿ. ಅಷ್ಟನ್ನೂ ಕೊಡಲು ಆಗದಿದ್ದರೆ 9,000 ಕೊಟ್ಟರೂ ಶುಲ್ಕ ಕಟ್ಟಬಲ್ಲೆ; ಉಳಿದದ್ದಕ್ಕೆ ಪಾಠದ ಮನೆಗಳನ್ನು ಹೆಚ್ಚಿಸಿಕೊಳ್ಳುತ್ತೇನೆ. ಮಾರ್ಚಿನಲ್ಲಿ ಪೂರ್ತಿ ಸಿಗುವುದಕ್ಕಿಂತ ಆಗಸ್ಟಿನೊಳಗೆ ಇಷ್ಟು ಸಿಕ್ಕರೆ ಹೆಚ್ಚು ಉಪಯೋಗ. ದಯವಿಟ್ಟು ಆಗಸ್ಟಿನೊಳಗೆ ತೀರ್ಮಾನ ತಿಳಿಸಿ."