ಲಕ್ಷ್ಮಮ್ಮನ ಒತ್ತು ಎಲ್ಲಿ ಹೋಯ್ತು?

‘ಸಾರ್, ಕನ್ನಡ ಬರ್ತಿಲ್ಲ.’

ಮೊಬೈಲ್ ಆ್ಯಪ್ ಮಾಡುವವರಿಗೆ ಬರುವ ದೂರುಗಳಲ್ಲಿ ಇಷ್ಟು ಚಿಕ್ಕದೂ, ಇಷ್ಟು ಗೊಂದಲದ್ದೂ ಇನ್ನೊಂದಿಲ್ಲ. ‘ಜ್ವರ ಬಂದಿದೆ’ ಅಂದ ಹಾಗೆ. ಯಾವ ಜ್ವರ ಅಂತ ಗೊತ್ತಾಗದೆ ಮಾತ್ರೆ ಕೊಡೋಕಾಗಲ್ಲ.

2015ರಲ್ಲಿ ನಮ್ಮ ಪುಟ್ಟ ತಂಡ ಹಳ್ಳಿಯ ಹಾಲಿನ ಡೈರಿಗಳಿಗೆ ಒಂದು ಆ್ಯಪ್ ಮಾಡುತ್ತಿತ್ತು. ಬೆಳಿಗ್ಗೆ, ಸಂಜೆ ಹಾಲು ಅಳೆದ ಮೇಲೆ ಸೆಕ್ರೆಟರಿ ತನ್ನ ಫೋನಿನಲ್ಲಿ ಲೀಟರ್ ಮತ್ತು ಫ್ಯಾಟ್ ನಮೂದಿಸುತ್ತಾರೆ, ಹಾಲು ಹಾಕಿದವರಿಗೆ ತೋರಿಸುತ್ತಾರೆ. ಹೆಸರು, ಲೀಟರ್, ದುಡ್ಡು, ಇಷ್ಟೇ. ನಮ್ಮ ಆಫೀಸಿನ ಫೋನುಗಳಲ್ಲಿ ಎಲ್ಲ ಚೆನ್ನಾಗಿತ್ತು. ಡೈರಿಯಲ್ಲಿದ್ದದ್ದು ಆಂಡ್ರಾಯ್ಡ್ 2.3ರ ಹಳೇ ಫೋನು. ಅದರಲ್ಲಿ ಹೆಸರಿನ ಜಾಗದಲ್ಲಿ ಬರೀ ಚೌಕಾಕಾರದ ಡಬ್ಬಿಗಳು.

ಡಬ್ಬಿ ಕಂಡರೆ ಕಾಯಿಲೆ ಸುಲಭದ್ದು: ಫೋನಿನಲ್ಲಿ ಆ ಅಕ್ಷರಗಳಿರುವ ಫಾಂಟ್ ಇಲ್ಲ. ಮುಕ್ತ ಲೈಸೆನ್ಸಿನ ಕನ್ನಡ ಫಾಂಟೊಂದನ್ನು ಆ್ಯಪಿನ ಒಳಗೇ ತುಂಬಿ ಕಳಿಸಿದೆವು. ಡಬ್ಬಿ ಹೋಯ್ತು. ಮಾರನೇ ದಿನ ಸೆಕ್ರೆಟರಿ ಫೋನ್ ಮಾಡಿದರು. ‘ಸಾರ್, ಲಕ್ಷ್ಮಮ್ಮೋರು ಇದು ನನ್ ಹೆಸ್ರಲ್ಲ, ಯಾರ್ದೋ ಲೆಕ್ಕ ನಂಗ್ ತೋರಿಸ್ತಿದೀಯ ಅಂತ ಜಗಳಕ್ಕೆ ಬಂದವ್ರೆ.’

ಪರದೆಯ ಮೇಲೆ ಇದ್ದದ್ದು ‘ಲಕ್‌ಷ್‌ಮಮ್‌ಮ’.

ನಾಲ್ಕನೇ ಕ್ಲಾಸು ಓದಿದ ಆಕೆಗೆ ಬರುವ ಅಕ್ಷರಗಳಲ್ಲಿ ಮೊದಲನೆಯವು ತನ್ನ ಹೆಸರಿನವು. ಹೆಸರೇ ತಪ್ಪಾಗಿ ಕಂಡ ಮೇಲೆ ಅದರ ಪಕ್ಕದ ಲೀಟರ್ ಸರಿಯಿದೆ ಅಂತ ಆಕೆ ಯಾಕೆ ನಂಬಬೇಕು?

ಇಲ್ಲಿ ಏನಾಯ್ತು ಅಂತ ನೋಡೋಣ. ನಾವು ‘ಲಕ್ಷ್ಮಮ್ಮ’ ಅಂತ ಬರೆದಾಗ ಕಣ್ಣಿಗೆ ಕಾಣುವುದು ಮೂರು ಅಕ್ಷರ: ಲ, ಕ್ಷ್ಮ, ಮ್ಮ. ಆದರೆ ಫೋನಿನಲ್ಲಿ ಉಳಿಯುವುದು ಒಂಬತ್ತು ಸಂಕೇತ.

```
ಲ   ಕ   ್   ಷ   ್   ಮ   ಮ   ್   ಮ
0CB2 0C95 0CCD 0CB7 0CCD 0CAE 0CAE 0CCD 0CAE
```

ನಡುವೆ ಬರುವ 0CCD ಅನ್ನುವುದು ಹಲಂತ. ಯೂನಿಕೋಡಿನಲ್ಲಿ ‘ಕ’ಗೆ ನಂಬರಿದೆ, ‘ಮ’ಗೆ ನಂಬರಿದೆ, ಹಲಂತಕ್ಕೂ ಇದೆ. ‘ಮ’ದ ಒತ್ತಿಗೆ ನಂಬರ್ ಇಲ್ಲ, ‘ಕ್ಷ’ಕ್ಕೂ ಇಲ್ಲ. ಆ ಚಿತ್ರಗಳು ಫಾಂಟಿನ ಒಳಗೆ ಇವೆ, ಆದರೆ ನೇರವಾಗಿ ಕರೆಯಲು ವಿಳಾಸವಿಲ್ಲ. ‘ಹಲಂತದ ನಂತರ ಮ ಬಂದರೆ ಎರಡನ್ನೂ ತೆಗೆದು ಈ ಒತ್ತು ಇಡು’ ಅನ್ನುವಂಥ ನಿಯಮಗಳು ಫಾಂಟಿನ ಒಂದು ಕೋಷ್ಟಕದಲ್ಲಿರುತ್ತವೆ. ಅದರ ಹೆಸರು ಜಿಸಬ್. ಆ ನಿಯಮಗಳನ್ನು ಓದಿ ಜಾರಿಗೆ ತರುವುದು ಫಾಂಟಿನ ಕೆಲಸವಲ್ಲ. ಅದಕ್ಕೆ ಬೇರೆಯೇ ತಂತ್ರಾಂಶ ಬೇಕು, ಅದನ್ನು ಶೇಪಿಂಗ್ ಎಂಜಿನ್ ಅನ್ನುತ್ತಾರೆ. ಒತ್ತು ಹಾಕುವುದಷ್ಟೇ ಅದರ ಕೆಲಸ ಅಲ್ಲ. ‘ಸೂರ್ಯ’ದಲ್ಲಿ ನಾವು ರ ಮೊದಲು ಟೈಪ್ ಮಾಡುತ್ತೇವೆ, ಆದರೆ ಅರ್ಕಾವತ್ತು ಕಾಣುವುದು ಯ ಆದ ಮೇಲೆ. ಈ ಅದಲುಬದಲನ್ನೂ ಅದೇ ಮಾಡಬೇಕು.

ಆಂಡ್ರಾಯ್ಡ್ 2.3ಕ್ಕೆ ಕನ್ನಡದ ಈ ಕೆಲಸ ಗೊತ್ತಿರಲಿಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ ಅಂತ ಸಾಲಾಗಿ ಜೋಡಿಸಿಬಿಡುತ್ತಿತ್ತು. ಆಂಡ್ರಾಯ್ಡಿಗೆ ಕನ್ನಡ, ತೆಲುಗು, ಮಲಯಾಳಂ ಬೆಂಬಲ ಅಧಿಕೃತವಾಗಿ ಬಂದದ್ದು 2012ರ 4.1ರಲ್ಲಿ. ಅಂದರೆ ನಾವು ಕಳಿಸಿದ ಫಾಂಟ್ ಅಡುಗೆ ಸಾಮಾನಿದ್ದ ಹಾಗೆ. ಆ ಫೋನಿನಲ್ಲಿ ಭಟ್ಟರೇ ಇರಲಿಲ್ಲ.

ದಾರಿ ಎರಡಿತ್ತು. ಒಂದು, ನುಡಿ, ಬರಹದ ಕಾಲದ ಹಳೇ ಆಸ್ಕಿ ಫಾಂಟ್ ಬಳಸುವುದು. ಅದರಲ್ಲಿ ಒತ್ತಿಗೂ ಒಂದು ಜಾಗ, ಅರ್ಕಾವತ್ತಿಗೂ ಒಂದು ಜಾಗ ನೇರವಾಗಿ ಕೊಟ್ಟಿರುತ್ತಾರೆ. ತೋರಿಸುವ ಮುಂಚೆ ಯೂನಿಕೋಡನ್ನು ಆ ಸಂಕೇತಕ್ಕೆ ಬದಲಿಸಿದರೆ ಭಟ್ಟರಿಲ್ಲದೆಯೂ ಊಟ ಸಿಗುತ್ತದೆ. ಆಗ ಎಷ್ಟೋ ಆ್ಯಪುಗಳು ಹೀಗೇ ನಡೆಯುತ್ತಿದ್ದವು. ಆದರೆ ಆ ಫಾಂಟುಗಳಲ್ಲಿ ಕನ್ನಡ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ನಮ್ಮ ಚೀಟಿಯಲ್ಲಿ ಎಸ್‌ಎನ್‌ಎಫ್, ಫ್ಯಾಟ್ ಎಲ್ಲ ಇಂಗ್ಲಿಷಿನಲ್ಲೇ ಇದ್ದವು. ಒಂದೇ ಸಾಲಿನಲ್ಲಿ ನಾಲ್ಕು ಸಲ ಫಾಂಟ್ ಬದಲಿಸಬೇಕಾಗುತ್ತಿತ್ತು.

ಎರಡನೆಯದು, ಭಟ್ಟರನ್ನೂ ನಾವೇ ಕಳಿಸುವುದು. ಹಾರ್ಫ್‌ಬಜ್ ಅನ್ನುವ ಮುಕ್ತ ಶೇಪಿಂಗ್ ಎಂಜಿನ್ ಇದೆ. ಅದಕ್ಕೆ ಆ ಒಂಬತ್ತು ಸಂಕೇತಗಳನ್ನೂ ಫಾಂಟನ್ನೂ ಕೊಟ್ಟರೆ ಯಾವ ಚಿತ್ರ, ಯಾವ ಕ್ರಮದಲ್ಲಿ, ಎಲ್ಲಿ ಅಂತ ಪಟ್ಟಿ ಕೊಡುತ್ತದೆ. ಹಳೇ ಆಂಡ್ರಾಯ್ಡಿಗೆ ಆ ಪಟ್ಟಿಯನ್ನು ಕೊಟ್ಟು ಬರಿ ಅನ್ನುವ ಹಾಗಿಲ್ಲ. ಹಾಗಾಗಿ ಫ್ರೀಟೈಪ್ ಎಂಬ ಇನ್ನೊಂದು ಲೈಬ್ರರಿಯಿಂದ ಪದವನ್ನು ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನು ಪರದೆಗೆ ಅಂಟಿಸಿದೆವು. ನಾವು ಹಿಡಿದದ್ದು ಈ ದಾರಿ, ಅದೂ 4.1ಕ್ಕಿಂತ ಹಳೆಯ ಫೋನುಗಳಿಗೆ ಮಾತ್ರ. ಹೊಸದರಲ್ಲಿ ಫೋನಿನ ಭಟ್ಟರೇ ಸಾಕು. ಲಕ್ಷ್ಮಮ್ಮ ಲಕ್ಷ್ಮಮ್ಮ ಆದರು.

ಕೆಲವು ವಾರದ ನಂತರ ಮತ್ತೆ ಅದೇ ವಾಕ್ಯ: ‘ಕನ್ನಡ ಬರ್ತಿಲ್ಲ.’ ಈ ಸಲ ಬೇರೆ ಊರು, ಹೊಸದೇ ಫೋನು. ಸಹಕಾರ ಸಪ್ತಾಹದ ‘ರ‍್ಯಾಲಿ’ಯ ನೋಟಿಸಿನಲ್ಲಿ ರ ಒಂದು ಕಡೆ, ಆಮೇಲೆ ಚುಕ್ಕಿಗಳಿಂದ ಮಾಡಿದ ಒಂದು ವೃತ್ತ, ಅದಕ್ಕೆ ನೇತುಬಿದ್ದ ಹಲಂತ. ಉಳಿದ ಒತ್ತುಗಳೆಲ್ಲ ಸರಿ.

ಚುಕ್ಕಿ ವೃತ್ತ ಕಂಡರೆ ಎಂಜಿನ್ ಇದೆ, ಕೆಲಸವನ್ನೂ ಮಾಡುತ್ತಿದೆ ಅಂತ ಅರ್ಥ. ಆಸರೆಗೆ ಅಕ್ಷರವಿಲ್ಲದ ಚಿಹ್ನೆ ಸಿಕ್ಕಿದಾಗ ಅದು ಹಾಗೆ ಬರೆದು ತೋರಿಸುತ್ತದೆ. ‘ರ‍್ಯಾ’ದಲ್ಲಿ ಅರ್ಕಾವತ್ತು ಬರಬಾರದು, ರಕಾರಕ್ಕೆ ಯ ಒತ್ತು ಬರಬೇಕು. ಅದಕ್ಕೆ ರ ಆದ ಮೇಲೆ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಸಂಕೇತ ಇಡುತ್ತೇವೆ: U+200D. ಆ್ಯಪಿನ ಗಾತ್ರ ಇಳಿಸಲು ಫಾಂಟನ್ನು ಕತ್ತರಿಸಿದಾಗ ಕನ್ನಡದ 0C80ರಿಂದ 0CFFವರೆಗಿನದು ಮಾತ್ರ ಉಳಿದಿತ್ತು. ಕಾಣದ ಸಂಕೇತ ನಮ್ಮ ಫಾಂಟಿನಲ್ಲಿ ಸಿಗದೆ ಫೋನು ಅದನ್ನು ಬೇರೆ ಫಾಂಟಿನಿಂದ ತಂದಿತು. ಪದ ಅಲ್ಲೇ ತುಂಡಾಯ್ತು. ರ ಒಂದು ತುಂಡಿನಲ್ಲಿ ಉಳಿದು, ಹಲಂತ ಇನ್ನೊಂದರಲ್ಲಿ ಅನಾಥವಾಯ್ತು. ಮದ್ದು ಇಷ್ಟೇ:

```
pyftsubset kannada.ttf \
  --unicodes="U+0020-007E,U+0C80-0CFF,U+200C,U+200D" \
  --layout-features="*"
```

U+200C ಅದರ ಅವಳಿ. ‘ಬ್ಯಾಂಕ್‌ಗೆ’ ಅನ್ನುವುದು ‘ಬ್ಯಾಂಕ್ಗೆ’ ಆಗದಂತೆ ತಡೆಯುವುದು ಅದೇ. ಕೊನೆಯ ಸಾಲು ಜಿಸಬ್ಬಿನ ನಿಯಮಗಳನ್ನು ಹಾಗೇ ಉಳಿಸು ಅನ್ನುತ್ತದೆ. ಅವು ಕತ್ತರಿಗೆ ಸಿಕ್ಕಿದರೆ ಫೋನು ಎಷ್ಟೇ ಹೊಸದಾದರೂ ಲಕ್ಷ್ಮಮ್ಮ ಮತ್ತೆ ಒಡೆಯುತ್ತಾರೆ.

ಆಮೇಲೆ ದೂರು ಬಂದಾಗ ನಾವು ಮೊದಲು ಕೇಳುತ್ತಿದ್ದದ್ದು ಸ್ಕ್ರೀನ್‌ಶಾಟ್. ಡಬ್ಬಿ ಇದ್ದರೆ ಫಾಂಟಿಲ್ಲ. ಎಲ್ಲ ಒತ್ತೂ ಒಡೆದಿದ್ದರೆ ಎಂಜಿನ್ ಇಲ್ಲ, ಇಲ್ಲವೇ ಫಾಂಟಿನ ನಿಯಮ ಹೋಗಿದೆ. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಅದೇ ಫಾಂಟನ್ನು ಹೊಸ ಫೋನಿನಲ್ಲಿ ನೋಡಿದರಾಯ್ತು. ಚುಕ್ಕಿ ವೃತ್ತವಾದರೆ ಪದ ಎಲ್ಲೋ ತುಂಡಾಗಿದೆ. ಇನ್ನು ‘ಅಕ್ಕ’ ಹೋಗಿ ‘ಅಕ’ ಆಗಿದ್ದರೆ ಫಾಂಟೂ ಸರಿ, ಎಂಜಿನ್ನೂ ಸರಿ. ಸಾಲಿನ ಎತ್ತರವನ್ನು ಯಾರೋ ಇಂಗ್ಲಿಷಿನ ಅಳತೆಗೆ ಬಿಗಿದಿದ್ದಾರೆ, ಕೆಳಗಿನ ಒತ್ತು ಅಂಚಿನಲ್ಲಿ ಕತ್ತರಿಸಿಹೋಗಿದೆ.

ನಮ್ಮ ಕೈಯಲ್ಲಾಗದ್ದೂ ಒಂದಿತ್ತು. ಆ್ಯಪಿನೊಳಗೆ ತುಂಬಿದ ಫಾಂಟು, ಎಂಜಿನ್ನು ಎರಡೂ ಆ್ಯಪಿನೊಳಗೇ. ಆ ಹಳೇ ಫೋನಿಗೆ ಬರುವ ಕನ್ನಡದ ಎಸ್ಸೆಮ್ಮೆಸ್ಸು ಮಾತ್ರ ಕೊನೇವರೆಗೂ ಡಬ್ಬಿ ಡಬ್ಬಿಯಾಗಿಯೇ ಬರುತ್ತಿತ್ತು. ಸೆಕ್ರೆಟರಿ ಅದನ್ನು ತೋರಿಸಿ ‘ಇದ್ನೂ ಸರಿ ಮಾಡ್ಕೊಡಿ ಸಾರ್’ ಅಂದರು. ಅದಕ್ಕೆ ಫೋನನ್ನೇ ಬದಲಿಸಬೇಕು ಅಂದೆ. ‘ಹಾಗಾದ್ರೆ ಬಿಡಿ, ಹಾಲಿನ್ ಲೆಕ್ಕ ಕಾಣ್ಸತ್ತಲ್ಲ, ಸಾಕು’ ಅಂದರು.