ಮಿಡಿ ಹೆಚ್ಚಿದೆ

ಹೋದ ವರ್ಷ ಜೂನಿನಲ್ಲಿ ಒಂದು ಸಂಜೆ ಸಾಗರದ ಕಡೆಯ ಹಳ್ಳಿಯಿಂದ ಚಿಕ್ಕಮ್ಮ ಫೋನ್ ಮಾಡಿ, ‘ಜೀರಿಗೆ ಮಿಡಿ ಹೆಚ್ಚಿದೆಯೋ ಮಾರಾಯ, ನಿನ್ನ ಇನ್‌ಸ್ಟಾಗ್ರಾಮಿಗೆ ಹಾಕಿಬಿಡು’ ಅಂದಳು. ಅವಳ ಕಡೆ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ನನ್ನ ಕಡೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹಾರ್ನುಗಳು. ಬಸ್ಸಿನಲ್ಲಿ ನಿಂತುಕೊಂಡೇ ಹಾಕಿದೆ: ‘ಜೀರಿಗೆ ಮಿಡಿ ಉಪ್ಪಿನಕಾಯಿ ಬೇಕಾದಷ್ಟಿದೆ, ಇಂದೇ ಆರ್ಡರ್ ಮಾಡಿ.’ ಪಕ್ಕದಲ್ಲಿ ಒಂದು ಮಾವಿನ ಚಿತ್ರ. ಮನೆ ಮುಟ್ಟುವಷ್ಟರಲ್ಲಿ ಹದಿನೇಳು ಜನ ದುಡ್ಡು ಕಳಿಸಿದ್ದರು.

ಖುಷಿಯಿಂದ ಚಿಕ್ಕಮ್ಮನಿಗೆ ಹೇಳಿದರೆ ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಆಮೇಲೆ, ‘ಹೆಚ್ಚಿದೆ ಅಂದ್ನಲ್ಲೋ! ಒಂದು ಬಾಟಲಿಯೂ ಉಳಿದಿಲ್ಲ!’

ನನಗೆ ಗೊತ್ತಿರಬೇಕಿತ್ತು. ಅಜ್ಜಿ ಬದುಕಿದ್ದ ತನಕ ನಮ್ಮ ಮನೆಯಲ್ಲಿ ಅಕ್ಕಿ ಖಾಲಿಯಾದದ್ದೇ ಇಲ್ಲ, ಹೆಚ್ಚುತ್ತಿತ್ತು. ಕುಂಕುಮ ಹೆಚ್ಚುತ್ತಿತ್ತು. ಒಡೆದ ಬಳೆಯೂ ಹೆಚ್ಚುತ್ತಿತ್ತು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಮನೆ ಬಿಟ್ಟು ಹೊರಡುವಾಗ ಹೋಗ್ತೀನಿ ಅಂದರೆ ಬೈಗುಳ, ಬರ್ತೀನಿ ಅನ್ನಬೇಕು. ‘ಇಲ್ಲ’ ಅಂತ ಬಾಯಿಬಿಟ್ಟರೆ ಸೂರಿನ ಮೇಲೆ ಕೂತ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತವೆ ಎಂಬ ಭಯ. ಅಜ್ಜಿ ‘ಅಕ್ಕಿ ಹೆಚ್ಚಿದೆ’ ಅಂತ ಚೀಲ ಕೈಗಿಟ್ಟರೆ, ನಾನು ಮಾತಿಲ್ಲದೆ ಅಂಗಡಿಗೆ ಓಡುತ್ತಿದ್ದೆ. ಮೂವತ್ತು ವರ್ಷ ಬೆಂಗಳೂರಿನಲ್ಲಿ ‘ನೋ ಸ್ಟಾಕ್’ ನೋಡಿ ನೋಡಿ ಆ ಅರ್ಥವೇ ಕಿವಿಯಿಂದ ಜಾರಿಹೋಗಿತ್ತು.

ಹದಿನೇಳು ಜನರಿಗೂ ದುಡ್ಡು ವಾಪಸು ಮಾಡಿ, ತಪ್ಪೊಪ್ಪಿಕೊಂಡು, ಸಿಟ್ಟಿನಲ್ಲಿ ಹೊಸ ಪೋಸ್ಟ್ ಹಾಕಿದೆ. ಕೆಂಪು ಹಿನ್ನೆಲೆ, ಬಿಳಿ ಅಕ್ಷರ: ‘ಖಾಲಿ! ಎಲ್ಲರಿಗೂ ಧನ್ಯವಾದ.’ ಅಷ್ಟೇ. ಮಾರನೇ ದಿನದಿಂದ ಒಂದು ಮೆಸೇಜೂ ಇಲ್ಲ. ಕದ ಹಾಕಿದ ಮನೆಯನ್ನು ಯಾರು ತಟ್ಟುತ್ತಾರೆ?

ನಮ್ಮ ಬಾಲ್ಯದ ಸೀಮೆಎಣ್ಣೆ ಅಂಗಡಿಯೂ ಹೀಗೇ ಇತ್ತು. ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ‘ಸ್ಟಾಕ್ ಇಲ್ಲ’. ಯಾವತ್ತು ಬರುತ್ತದೆ, ಯಾರನ್ನು ಕೇಳಬೇಕು, ಏನೂ ಇಲ್ಲ. ಕ್ಯಾನು ಹಿಡಿದುಕೊಂಡು ದಿನಾ ಹೋಗಿ ಆ ಸ್ಲೇಟು ಓದಿಕೊಂಡು ಬರುವುದು ನನ್ನ ಕೆಲಸ. ಅದೇ ಬೀದಿಯ ಶೆಟ್ಟರ ಅಂಗಡಿಯಲ್ಲಿ ಸ್ಲೇಟೂ ಇರಲಿಲ್ಲ, ‘ಇಲ್ಲ’ವೂ ಇರಲಿಲ್ಲ. ‘ಬೆಲ್ಲ ಗುರುವಾರದ ಲಾರಿಗೆ ಬರುತ್ತೆ, ನಿಮ್ಮನೆಗೆ ಎರಡಚ್ಚು ಎತ್ತಿಡ್ತೀನಿ’ ಅಂತ ಹೇಳಿ, ಗೋಡೆಯ ಕ್ಯಾಲೆಂಡರಿನ ಗುರುವಾರದ ಚೌಕದಲ್ಲಿ ಪೆನ್ಸಿಲಿನಿಂದ ಅಪ್ಪನ ಹೆಸರು ಗೀಚುತ್ತಿದ್ದರು. ಬೆಲ್ಲ ಇಲ್ಲದ ದಿನವೂ ಅವರ ಅಂಗಡಿಯಿಂದ ಏನನ್ನೋ ಪಡೆದುಕೊಂಡೇ ಬಂದ ಹಾಗಿರುತ್ತಿತ್ತು. ಆಗ ದೇಶವೇ ಕಾಯುತ್ತಿತ್ತು ಅನ್ನಿ. ಚೇತಕ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರು, ಮಗಳು ಹುಟ್ಟಿದಾಗ ಬುಕ್ ಮಾಡಿ ಅವಳು ಸ್ಕೂಲಿಗೆ ಹೋಗುವಾಗ ಮನೆಗೆ ತಂದವರು ಎಲ್ಲ ಊರಿನಲ್ಲೂ ಇದ್ದರು. ಅಷ್ಟು ವರ್ಷ ಅವರನ್ನು ಹಿಡಿದಿಟ್ಟದ್ದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಒಂದು ರಸೀದಿ, ಅದರ ಮೇಲಿನ ಒಂದು ನಂಬರು.

ನನ್ನ ಕೆಂಪು ಪೋಸ್ಟು ಸೀಮೆಎಣ್ಣೆಯ ಸ್ಲೇಟಾಗಿತ್ತು. ಅದನ್ನು ಶೆಟ್ಟರ ಕ್ಯಾಲೆಂಡರು ಮಾಡಬೇಕಿತ್ತು.

ಅದಕ್ಕೆ ಮೊದಲು ನನಗೇ ಒಂದು ವಿಷಯ ತಿಳಿಯಬೇಕಿತ್ತು: ಏನು ಮುಗಿದಿದೆ? ಅಪ್ಪೆ ಮಿಡಿ ಕಾಡುಮಾವಿನ ಎಳೆಗಾಯಿ. ಶರಾವತಿ, ಅಘನಾಶಿನಿಯಂಥ ಹೊಳೆಗಳ ದಂಡೆಯ ಎತ್ತರದ ಮರಗಳಿಂದ ಬೇಸಿಗೆ ಶುರುವಿಗೆ ಇಳಿಸುವುದು. ನೆಲಕ್ಕೆ ಬಿದ್ದ ಮಿಡಿ ಕೆಲಸಕ್ಕೆ ಬಾರದು, ಪೆಟ್ಟಾದ ಕಡೆ ಕೊಳೆಯುತ್ತದೆ. ಅದಕ್ಕೇ ತೊಟ್ಟಿನ ಸಮೇತ ಕೊಯ್ದು ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸುತ್ತಾರೆ. ಅದರಲ್ಲೂ ಜೀರಿಗೆ ಮಿಡಿಯ ತೊಟ್ಟು ಮುರಿದರೆ ಸೊನೆ ಜೀರಿಗೆಯ ಹಾಗೆ ಘಮ್ಮೆನ್ನುತ್ತದೆ. ಮರ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಮುನಿಸಿಕೊಳ್ಳುತ್ತದೆ, ಹೂ ಬಿಟ್ಟಾಗ ಮಳೆಯೋ ಮಂಜೋ ಬಿದ್ದರೆ ಅದೂ ಇಲ್ಲ. ಮಿಡಿಯನ್ನು ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿ, ಮೇಲೆ ಭಾರ ಹೇರುತ್ತಾರೆ. ಚಿಕ್ಕಮ್ಮನ ಲೆಕ್ಕ ನಾಲ್ಕು ಕೆಜಿ ಮಿಡಿಗೆ ಒಂದು ಕೆಜಿ ಉಪ್ಪು. ಎರಡು ಮೂರು ವಾರದಲ್ಲಿ ಮಿಡಿ ನೀರು ಬಿಟ್ಟು ಮುರುಟುತ್ತದೆ. ಆ ಉಪ್ಪುಮಿಡಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ತೆಗೆದು, ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ ಮೆಣಸು ಅರೆದು ಕಲಸುವುದು.

ಅಂದರೆ ‘ಖಾಲಿ’ ಎರಡು ಥರ. ಮಸಾಲೆ ಹಾಕಿದ ಬಾಟಲಿ ಮುಗಿದರೆ ಕೆಲವು ವಾರದ ಮಾತು. ಭರಣಿಯ ಉಪ್ಪುಮಿಡಿಯೇ ಮುಗಿದರೆ ಮುಂದಿನ ವರ್ಷದ ಮಾತು, ಅದೂ ಮರ ಒಪ್ಪಿದರೆ. ಎರಡಕ್ಕೂ ಒಂದೇ ಪೋಸ್ಟ್ ಹಾಕಿದ್ದು ನನ್ನ ದೊಡ್ಡ ತಪ್ಪು. ‘ಭರಣೀಲಿ ಇದೆಯಾ?’ ಅಂತ ಕೇಳಿದೆ. ‘ಒಂದೂವರೆ ಭರಣಿ ಇದೆ. ನಲವತ್ತು ಬಾಟಲಿ ಆಗುತ್ತೆ.’ ‘ಯಾವತ್ತಿಗೆ ಕೊಡ್ತೀಯ?’ ‘ಮಳೆ ನೋಡಿದೀಯಾ? ಸಾಸಿವೆ ಗರಿಗರಿ ಇರಬೇಕು, ಬಾಟಲಿ ಒಣಗಬೇಕು. ಒಂದು ಹನಿ ನೀರು ಉಳಿದರೆ ಬೂಸ್ಟು. ಎರಡು ದಿನ ಬಿಸಿಲು ಕಂಡರೆ ಅರೀತೀನಿ. ಅರೆದ ಮೇಲೆ ಹದಿನೈದು ದಿನ ಮಿಡಿ ಮಸಾಲೆ ಕುಡೀಬೇಕು. ತಾರೀಕು ಗೀರೀಕು ಕೇಳಬೇಡ.’

ಈ ಮಾತುಗಳನ್ನೇ ಇಟ್ಟುಕೊಂಡು ಬರೆಯಲು ಕೂತೆ. ಮೊಬೈಲಿನಲ್ಲಿ ಚಿತ್ರದ ಕೆಳಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ‘ಮೋರ್’ ಒತ್ತಬೇಕು. ಹೆಚ್ಚಿನವರು ಒತ್ತುವುದಿಲ್ಲ. ಹಾಗಾಗಿ ಖಾಲಿ ಅನ್ನುವುದೂ ಏನು ಮಾಡಬೇಕು ಅನ್ನುವುದೂ ಮೊದಲೇ ಬರಬೇಕು. ಅರ್ಧ ಗಂಟೆ ತಿದ್ದಿದ ಮೇಲೆ ನಿಂತದ್ದು ಇದು:

‘ಜೀರಿಗೆ ಮಿಡಿ ಸದ್ಯ ಖಾಲಿ. ಮುಂದಿನ ನಲವತ್ತು ಬಾಟಲಿಗೆ ‘ಮಿಡಿ’ ಅಂತ ಒಂದೇ ಪದ ಮೆಸೇಜ್ ಮಾಡಿ, ಬಂದ ಕೂಡಲೇ ಹೇಳ್ತೀವಿ. ದುಡ್ಡು ಈಗ ಬೇಡ. ಮಿಡಿ ಉಪ್ಪಿನಲ್ಲಿ ಮುರುಟಿ ರೆಡಿ ಇದೆ, ಚಿಕ್ಕಮ್ಮ ಬಿಸಿಲಿಗೆ ಕಾಯ್ತಿದ್ದಾರೆ. ಎರಡು ದಿನ ಮಳೆ ಬಿಟ್ಟರೆ ಮಸಾಲೆ ಅರೆಯೋದು, ಅಲ್ಲಿಂದ ಹದಿನೈದು ದಿನ. ಮೊದಲು ಮೆಸೇಜ್ ಮಾಡಿದವರಿಗೆ ಮೊದಲು.’

‘ಒಂದೇ ಪದ’ ಅಂದದ್ದಕ್ಕೆ ಕಾರಣವಿದೆ. ‘ಆಸಕ್ತರು ಸಂಪರ್ಕಿಸಿ’ ಅಂದರೆ ಏನು ಬರೆಯಬೇಕು ಅಂತ ಯೋಚಿಸುವಷ್ಟರಲ್ಲಿ ಜನ ಮುಂದಿನ ರೀಲಿಗೆ ಹೋಗಿರುತ್ತಾರೆ. ಜೊತೆಗೆ, ಆಮೇಲೆ ಇನ್‌ಬಾಕ್ಸಿನಲ್ಲಿ ‘ಮಿಡಿ’ ಅಂತ ಹುಡುಕಿದರೆ ಪಟ್ಟಿ ತಾನೇ ಸಿಗುತ್ತದೆ. ಕಾಮೆಂಟಿನಲ್ಲಿ ಬರೆಯಿರಿ ಅನ್ನಬಹುದಿತ್ತು, ಆದರೆ ಎರಡು ತಿಂಗಳ ಹಿಂದಿನ ಕಾಮೆಂಟಿಗೆ ಕೊಟ್ಟ ಉತ್ತರವನ್ನು ಯಾರೂ ನೋಡುವುದಿಲ್ಲ. ಅವರೇ ಮೊದಲು ಮೆಸೇಜ್ ಮಾಡಿದರೆ ಅದೇ ಮಾತಿನ ಎಳೆಯಲ್ಲಿ ನಾನು ತಿರುಗಿ ಬರೆಯಬಹುದು. ನಾನೇ ಮುಂದಾಗಿ ಬರೆದರೆ ಅದು ಅಪರಿಚಿತರ ‘ರಿಕ್ವೆಸ್ಟ್’ ಡಬ್ಬಿಗೆ ಬಿದ್ದು ಧೂಳು ತಿನ್ನುತ್ತದೆ. ವಾಟ್ಸಾಪ್ ಬ್ರಾಡ್‌ಕಾಸ್ಟಿನಲ್ಲೂ ಇಂಥದೇ ತೊಡಕು: ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ.

ಚಿತ್ರವನ್ನೂ ಬದಲಾಯಿಸಿದೆ. ತುಂಬಿದ ಬಾಟಲಿಯ ಚಿತ್ರ ಹಾಕಿ ಕೆಳಗೆ ಖಾಲಿ ಅಂದರೆ, ಓದದೆ ಆರ್ಡರ್ ಮಾಡುವವರು ಇದ್ದೇ ಇರುತ್ತಾರೆ, ಆಮೇಲೆ ಬೈಯುತ್ತಾರೆ. ಚಿಕ್ಕಮ್ಮ ಭರಣಿಯ ಮುಚ್ಚಳ ತೆಗೆದು ಉಪ್ಪುನೀರಿನಲ್ಲಿ ಮುದುಡಿ ಕೂತ ಮಿಡಿಗಳ ಫೋಟೋ ಕಳಿಸಿದಳು. ಮೂಲೆಯಲ್ಲಿ ಅವಳ ಹೆಬ್ಬೆರಳೂ ಇತ್ತು, ಬಿಟ್ಟೆ. ಹಳೆಯ ಪೋಸ್ಟುಗಳನ್ನು ಅಳಿಸಲಿಲ್ಲ. ಯಾರೋ ಯಾರಿಗೋ ಕಳಿಸಿದ್ದರಿಂದ ಅವುಗಳಿಗೆ ಇನ್ನೂ ಜನ ಬರುತ್ತಿದ್ದರು. ಮೊದಲ ಸಾಲು ಮಾತ್ರ ತಿದ್ದಿ ‘ಸದ್ಯ ಖಾಲಿ, ಬೇಕಿದ್ದರೆ ಮಿಡಿ ಅಂತ ಮೆಸೇಜ್ ಮಾಡಿ’ ಅಂತ ಮಾಡಿದೆ.

ಅರವತ್ತಮೂರು ಮಿಡಿ ಬಂತು. ಒಬ್ಬರು ‘ಮಡಿ’ ಅಂತ ಬರೆದಿದ್ದರು, ಅದನ್ನೂ ಸೇರಿಸಿಕೊಂಡೆ. ಪ್ರತಿಯೊಬ್ಬರಿಗೂ ‘ನಿಮ್ಮ ನಂಬರು ಇಷ್ಟು’ ಅಂತ ಉತ್ತರ ಕೊಟ್ಟೆ. ನಲವತ್ತು ದಾಟಿದವರಿಗೆ, ನಿಮಗಿಂತ ಮುಂದಿರುವವರು ಬೇಡ ಅಂದರೆ ಮಾತ್ರ ನಿಮಗೆ ಸಿಗುತ್ತದೆ ಅಂತ ಮೊದಲೇ ಹೇಳಿದೆ. ಆಗ ತಲೆಗೆ ಒಂದು ವ್ಯಾಪಾರದ ಹುಳು ಹೊಕ್ಕಿತು. ಚಿಕ್ಕಮ್ಮನಿಗೆ ಹೇಳಿದೆ: ‘ಬಾಟಲಿ ರೆಡಿಯಾದ ಮೇಲೂ ಒಂದು ವಾರ ಖಾಲಿ ಅಂತಲೇ ಇಟ್ಟರೆ ಹೇಗೆ? ಪಟ್ಟಿ ನೂರು ದಾಟುತ್ತೆ.’

‘ಇದ್ದದ್ದನ್ನ ಇಲ್ಲ ಅನ್ನಬಾರದು. ಅಸ್ತು ಅಂದುಬಿಡ್ತಾವೆ’ ಅಂದಳು. ಆ ವಿಷಯ ಅಲ್ಲಿಗೇ ಮುಗಿಯಿತು.

ಜುಲೈ ಮಧ್ಯದಲ್ಲಿ ಬಿಸಿಲು ಕಾಣಿಸಿತು. ಆಗಸ್ಟ್ ಮೊದಲ ವಾರ ಬಾಟಲಿಗಳು ಬಂದವು. ಅರವತ್ತಮೂರು ಜನರಿಗೂ ಒಟ್ಟಿಗೆ ಹೇಳಿದರೆ ನಲವತ್ತು ಬಾಟಲಿಯ ಮೇಲೆ ಅರವತ್ತಮೂರು ಕೈ. ಹದಿನೇಳು ಜನರ ದುಡ್ಡು ವಾಪಸು ಮಾಡಿದ ನೋವು ಇನ್ನೂ ಆರಿರಲಿಲ್ಲ. ಮೊದಲ ಇಪ್ಪತ್ತು ಜನರಿಗೆ ಬೆಳಿಗ್ಗೆ ಬರೆದೆ: ‘ಬಂತು. ನಾಳೆ ಬೆಳಿಗ್ಗೆವರೆಗೆ ನಿಮಗೆ ಎತ್ತಿಟ್ಟಿರ್ತೀನಿ.’ ಹದಿನಾಲ್ಕು ಜನ ತೆಗೆದುಕೊಂಡರು. ಇಬ್ಬರು ಬೇಡ ಅಂದರು, ನಾಲ್ವರು ಉತ್ತರಿಸಲಿಲ್ಲ. ಮಾರನೇ ದಿನ ಮುಂದಿನ ಇಪ್ಪತ್ತಾರು ಜನರಿಗೆ. ಹೀಗೆ ನಾಲ್ಕು ದಿನದಲ್ಲಿ, ಒಂದು ಹೊಸ ಪೋಸ್ಟೂ ಹಾಕದೆ, ಮೂವತ್ತೊಂಬತ್ತು ಬಾಟಲಿ ಹೋದವು. ಕೊನೆಯದೊಂದು ಉಳಿಯಿತು.

ಐವತ್ತೆರಡನೇ ನಂಬರಿನ ಖಾತೆಯಲ್ಲಿ ಫೋಟೋ ಇರಲಿಲ್ಲ, ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ನಾನು ‘ಬಂತು’ ಅಂತ ಬರೆದ ಎರಡೇ ನಿಮಿಷಕ್ಕೆ ಉತ್ತರ: ‘ಯಾಕೋ, ಇಷ್ಟು ದಿನ ಬೇಕಾಯ್ತಾ?’ ನಮ್ಮಮ್ಮ! ಮೈಸೂರಿನಲ್ಲಿ ಕೂತು, ಮೊಮ್ಮಗಳ ಹತ್ತಿರ ಖಾತೆ ಮಾಡಿಸಿಕೊಂಡು, ಮಗನಿಗೆ ಹೇಳದೆ ಸಾಲಿನಲ್ಲಿ ನಿಂತಿದ್ದಾಳೆ. ನಗು ತಡೆಯಲಾಗದೆ ಚಿಕ್ಕಮ್ಮನಿಗೆ ಫೋನ್ ಮಾಡಿ, ಕೊನೆಯ ಬಾಟಲಿ ಯಾರಿಗೆ ಗೊತ್ತಾ ಅಂದೆ.

‘ಅದನ್ನ ಐವತ್ಮೂರನೆಯವರಿಗೆ ಕೊಡು’ ಅಂದಳು ಚಿಕ್ಕಮ್ಮ. ‘ಅಕ್ಕಂಗೆ ನಾನು ಮಾರ್ಚಲ್ಲೇ ಎತ್ತಿಟ್ಟಿದೀನಿ.’